"ಮೈಸೂರು ತಾರಸಿ ತರಕಾರಿ" ಹೆಸರು ಈಗ ಹೊಂದುತ್ತಿಲ್ಲ, ಏನಂತ ಬದಲಿಸಲಿ?

ಸುಮಾ_ಹೆಚ್:
ಯೂಟ್ಯೂಬ್ ಚಾನೆಲ್ ಹೆಸರು "ಮೈಸೂರು ತಾರಸಿ ತರಕಾರಿ", ಹ್ಯಾಂಡಲ್ @MysuruTarasiTarakari. ಸಬ್‌ಸ್ಕ್ರೈಬರ್ಸ್ 6 ಸಾವಿರ. ಈಗ ನಂಜನಗೂಡಿನ ಹತ್ತಿರ ಹತ್ತು ಗುಂಟೆಯಲ್ಲಿ ನೆಲದಲ್ಲೇ ಬೆಳೀತಿದೀವಿ. ಬೆಳೆದದ್ದರ ಅಡುಗೆ, ಉಪ್ಪಿನಕಾಯಿನೂ ಹಾಕ್ತೀನಿ, ಮುಂದೆ ನಾಟಿಕೋಳಿ ಸಾಕೋ ಯೋಚನೆ ಇದೆ. "ಹಸಿರು ಬದುಕು" ಅಂತ ಬದಲಿಸಿದ್ರೆ ಎಲ್ಲಾನೂ ಒಳಗೆ ಬರುತ್ತೆ ಅಲ್ವಾ?

ಕಿರಣ್ ಎಡಿಟ್ಸ್:
ಹೆಸರು ಮುಟ್ಟಲೇಬೇಡಿ ಮೇಡಂ. ಬದಲಿಸಿದ್ರೆ ಹಳೇ ಲಿಂಕ್ ಎಲ್ಲಾ ಹಾಳಾಗುತ್ತೆ, ವಾಟ್ಸಾಪಲ್ಲಿ ಹಂಚಿರೋದು ಒಂದೂ ಓಪನ್ ಆಗಲ್ಲ.

ರವಿ ಅರಕಲಗೂಡು:
ಕಿರಣ್, ಅದು ಹ್ಯಾಂಡಲ್‌ ಕಥೆ, ಹೆಸರಿಂದಲ್ಲ, ಅದೂ ಪೂರ್ತಿ ಹಾಗಲ್ಲ. ಹೆಸರು ಬದಲಿಸಿದ್ರೆ ವೀಡಿಯೊ ಲಿಂಕ್, ಸಬ್‌ಸ್ಕ್ರೈಬರ್ಸ್, ಹ್ಯಾಂಡಲ್ ಯಾವುದೂ ಅಲುಗಾಡಲ್ಲ. ಹ್ಯಾಂಡಲ್ ಬದಲಿಸಿದಾಗ ಹಳೇದು 14 ದಿನ ನಮಗೇ ಮೀಸಲಿರುತ್ತೆ, ಅಷ್ಟು ದಿನ ಹಳೇ ವಿಳಾಸವೂ ತೆರೆಯುತ್ತೆ. ಆಮೇಲೆ ಅದನ್ನ ನೆಚ್ಚಿಕೊಳ್ಳೋ ಹಾಗಿಲ್ಲ. ಹಾಗಾಗಿ ಬೀಜದ ಪ್ಯಾಕೆಟ್ ಮೇಲೋ ಕಾರ್ಡ್ ಮೇಲೋ ಕ್ಯೂಆರ್ ಅಚ್ಚು ಹಾಕಿಸೋದಾದ್ರೆ ಯಾವತ್ತೂ ಬದಲಾಗದ ಐಡಿ ಲಿಂಕ್ ಬಳಸಿ:

```
youtube.com/channel/UC...
```

ಸುಮಾ ಮೇಡಂ, ನಿಮ್ಮ ಹೆಸರಲ್ಲಿರೋ ಮೂರು ಪದಗಳೂ ಮೂರು ಗೋಡೆ ಇದ್ದ ಹಾಗೆ. ಊರು ಬಿಟ್ಟಾಗ ಮೊದಲನೇದು ಬಿತ್ತು, ನೆಲಕ್ಕಿಳಿದಾಗ ಎರಡನೇದು, ಕೋಳಿ ಬಂದಾಗ ಮೂರನೇದು. ಆದ್ರೆ "ಹಸಿರು ಬದುಕು" ಅನ್ನೋದು ಇನ್ನೊಂದು ತುದಿಗೆ ಹೋಯ್ತು. ಯೂಟ್ಯೂಬಲ್ಲಿ ಚಾನೆಲ್ ಹೆಸರು ಒಬ್ಬರಿಗೇ ಸೇರಿದ್ದಲ್ಲ, ಅದೇ ಹೆಸರು ಎಷ್ಟು ಜನ ಬೇಕಾದ್ರೂ ಇಡಬಹುದು. ಒಬ್ಬರಿಗೇ ಸಿಗೋದು ಹ್ಯಾಂಡಲ್ ಮಾತ್ರ. ಕೇಳಿದವರು ಹುಡುಕಿದಾಗ ನೀವೇ ಸಿಗಬೇಕು ಅಂದ್ರೆ ಹಸಿರು, ಬದುಕು, ನಮ್ಮ, ಲೋಕ ಇಂಥ ಸವೆದ ಪದಗಳನ್ನ ಜೋಡಿಸಬೇಡಿ.

ವಿಷಯ ಹೇಳೋ ಪದ ಬಿಟ್ಟು, ಎಲ್ಲಾ ವಿಷಯಾನೂ ಹಾದುಹೋಗೋ ಒಂದು ವಸ್ತು ಹುಡುಕಿ. ಉದಾಹರಣೆಗೆ "ಮನೆ ಮಂಕರಿ". ಬದನೆಕಾಯಿನೂ ಮಂಕರಿಗೇ, ಮೊಟ್ಟೆನೂ ಮಂಕರಿಗೇ, ನಾಳೆ ಸಂತೆ ಸುತ್ತಾಟ ಹಾಕಿದ್ರೂ ಹೊಂದುತ್ತೆ. ಬರೀ "ಮಂಕರಿ" ಬೇಡ, ಒಂಟಿ ಪದ ಹ್ಯಾಂಡಲ್‌ಗೆ ಸಿಗೋದು ಕಷ್ಟ.

ಸುಮಾ_ಹೆಚ್:
ಚೆನ್ನಾಗಿದೆ! ನಮ್ಮ ಯಜಮಾನ್ರು "ಕಣಜ" ಅಂತಿದ್ರು. ನಂಗೆ "ಹಿತ್ತಲ ಬಾಗಿಲು" ಅಂತಾನೂ ಇತ್ತು.

ರವಿ ಅರಕಲಗೂಡು:
ಕಣಜ ಅಂದ್ರೆ ಕನ್ನಡದ ಜ್ಞಾನಕೋಶದ ಜಾಲತಾಣ ಈಗಾಗಲೇ ಇದೆ, ಹುಡುಕಿದವರಿಗೆ ಅದೇ ಮುಂದೆ ಬರುತ್ತೆ. "ಹಿತ್ತಲ ಬಾಗಿಲು" ಅರ್ಥಕ್ಕೆ ಸೊಗಸು, ಆದ್ರೆ ಇಂಗ್ಲಿಷ್ ಅಕ್ಷರದಲ್ಲಿ ಒಬ್ಬೊಬ್ಬರು ಒಂದೊಂದು ಥರ ಒತ್ತುತ್ತಾರೆ: Hittala, Hithala, Hitthala, ಆಮೇಲೆ Bagilu, Baagilu. Mane Mankari ಯಲ್ಲಿ ಆ ಗೊಂದಲ ಕಡಿಮೆ. ನಾಲ್ಕು ಜನರಿಗೆ ಫೋನಲ್ಲಿ ಹೆಸರು ಹೇಳಿ, ಟೈಪ್ ಮಾಡಿ ಕಳಿಸಿ ಅನ್ನಿ. ನಾಲ್ಕೂ ಒಂದೇ ಥರ ಬಂದ್ರೆ ಇಟ್ಟುಕೊಳ್ಳಿ.

ಇನ್ನೊಂದು: ಈಗಿನ ಐದು ವೀಡಿಯೊ ಶೀರ್ಷಿಕೆ, ಮುಂದೆ ಮಾಡಬಹುದಾದ ಐದು ಬರೆದು, ಪ್ರತಿಯೊಂದರ ಕೆಳಗೂ ಹೆಸರು ಹಾಕಿ ಓದಿ. "ಕೋಳಿಗೂಡು ಕಟ್ಟೋದು: ಮೈಸೂರು ತಾರಸಿ ತರಕಾರಿ" ಅಂದಾಗ ಹೇಗೆ ಎಡವುತ್ತೆ ನೋಡಿ. "ತರಕಾರಿ" ಅನ್ನೋ ಪದ ಕಳೆದುಹೋಯ್ತಲ್ಲ ಅಂತ ಚಿಂತೆ ಬೇಡ, ಅದು ವೀಡಿಯೊ ಶೀರ್ಷಿಕೆಯಲ್ಲಿ, ಪ್ಲೇಲಿಸ್ಟಲ್ಲಿ, ಬ್ಯಾನರ್ ಸಾಲಲ್ಲಿ ಇರಲಿ. ಅಲ್ಲಿ ಯಾವಾಗ ಬೇಕಾದ್ರೂ ತಿದ್ದಬಹುದು.

ಗೇಮರ್_ಹುಬ್ಳಿ:
ನಂದೂ ಇದೇ ಪ್ರಾಬ್ಲಮ್ಮು. ಚಾನೆಲ್ ಹೆಸರಲ್ಲೇ ಗೇಮಿಂಗ್ ಐತಿ, ಈಗ ಬೈಕ್ ವ್ಲಾಗ್ ಮಾಡಾಕತ್ತೀನಿ. ಟಿಕ್ ಬಂದೈತಿ, ಹೆಸರು ಬದಲಿಸಿದ್ರ ಏನಾಗ್ತೈತಿ?

ರವಿ ಅರಕಲಗೂಡು:
ಟಿಕ್ ಹೋಗುತ್ತೆ ಬ್ರದರ್, ಮತ್ತೆ ಅರ್ಜಿ ಹಾಕಬೇಕು. ಅರ್ಜಿಗೆ 1 ಲಕ್ಷ ಸಬ್‌ಸ್ಕ್ರೈಬರ್ಸ್ ಇರಬೇಕು. ಆ ಲೆಕ್ಕಕ್ಕೆ ಸುಮಾ ಮೇಡಂ ಈಗಲೇ ಬದಲಿಸಿಕೊಳ್ಳೋದು ಸಲೀಸು.

ಸುಮಾ_ಹೆಚ್:
ಬದಲಿಸೋದು ಎಲ್ಲಿ? ಹಳೇ ವೀಡಿಯೊಗಳ ಮೂಲೆಯಲ್ಲಿ ಹಳೇ ಹೆಸರೇ ಇದೆಯಲ್ಲ?

ರವಿ ಅರಕಲಗೂಡು:
ಸ್ಟುಡಿಯೋದಲ್ಲಿ Customisation, ಅದರಲ್ಲಿ Profile. ಮೊದಲು ಹೊಸ ಹ್ಯಾಂಡಲ್ ಖಾಲಿ ಇದೆಯಾ ನೋಡಿ, ಸಿಕ್ಕರೆ ಮಾತ್ರ ಹೆಸರು ಬದಲಿಸಿ Publish ಒತ್ತಿ. 14 ದಿನದಲ್ಲಿ ಎರಡು ಸಲ ಅಷ್ಟೇ ಬದಲಿಸೋಕೆ ಬಿಡುತ್ತೆ, ಪ್ರಯೋಗ ಎಲ್ಲಾ ಕಾಗದದ ಮೇಲೇ ಮುಗಿಸಿ. ಎಲ್ಲಾ ಕಡೆ ಹೊಸ ಹೆಸರು ಕಾಣೋಕೆ ಕೆಲವು ದಿನ ಹಿಡಿಯಬಹುದು.

ವೀಡಿಯೊ ಒಳಗೇ ಅಂಟಿರೋ ಹೆಸರು, ಬಾಯಲ್ಲಿ ಹೇಳಿರೋ ಹೆಸರು ಬದಲಾಗಲ್ಲ. ಚೆನ್ನಾಗಿ ಓಡ್ತಿರೋ ನಾಲ್ಕೈದರ ಥಂಬ್‌ನೇಲ್ ಮಾತ್ರ ಬದಲಿಸಿ. ಚಾನೆಲ್ ವಿವರಣೆಯ ಮೊದಲ ಸಾಲಲ್ಲಿ "ಮೊದಲು ಮೈಸೂರು ತಾರಸಿ ತರಕಾರಿ" ಅಂತ ಇರಲಿ. ಇನ್ನು ಮುಂದೆ ಹೆಸರನ್ನ ವೀಡಿಯೊಗೆ ಅಂಟಿಸದೆ ಸ್ಟುಡಿಯೋದ ವಾಟರ್‌ಮಾರ್ಕ್ ಬಳಸಿ, ಅದನ್ನ ಒಮ್ಮೆ ಬದಲಿಸಿದ್ರೆ ಹಳೇ ವೀಡಿಯೊಗಳಲ್ಲೂ ಬದಲಾಗುತ್ತೆ.

ಕಿರಣ್ ಎಡಿಟ್ಸ್:
ಲಿಂಕ್ ವಿಷಯ ಒಪ್ಪಿದೆ. ಆದ್ರೂ ಟೊಮ್ಯಾಟೊ ನೋಡೋಕೆ ಬಂದವರು ಕೋಳಿ ವೀಡಿಯೊ ಒತ್ತಲ್ಲ, ಹೆಸರು ಎಷ್ಟೇ ಅಗಲ ಇದ್ರೂ. ಕೋಳಿಗೆ ಬೇರೆ ಚಾನೆಲ್ಲೇ ಸರಿ.

ರವಿ ಅರಕಲಗೂಡು:
ಅಡುಗೆಗೆ ನಾನು ಅದನ್ನ ಒಪ್ಪಲ್ಲ, ಬೆಳೆಯೋರೇ ಅಡುಗೆನೂ ನೋಡ್ತಾರೆ. ಕೋಳಿ ವಿಷಯದಲ್ಲಿ ನೀವು ಹೇಳೋದು ನಿಜ ಇರಬಹುದು. ಮೂರ್ನಾಲ್ಕು ಹಾಕಿ, ಅನಲಿಟಿಕ್ಸಲ್ಲಿ ಹಳೇ ನೋಡುಗರು ಎಷ್ಟು ಜನ ಬಂದ್ರು ಅಂತ ನೋಡೋಣ.

ಸುಮಾ_ಹೆಚ್:
@ManeMankari ಅಂತ ಹಾಕಿ ನೋಡ್ತೀನಿ. ಸಿಗದಿದ್ರೆ ಮತ್ತೆ ಇಲ್ಲೇ ಕೇಳ್ತೀನಿ.