ಮಾನ್-ವಿಟ್ನಿ ಪರೀಕ್ಷೆಯ ಫಲಿತಾಂಶಕ್ಕೆ ‘ಮಧ್ಯಾಂಕ’ ಎಂಬ ಪದ ಹೊಂದುತ್ತದೆಯೇ?

ಮಾನ್ಯರೇ,

ತುಮಕೂರಿನ ಎಂ.ಇಡಿ. ವಿದ್ಯಾರ್ಥಿನಿಯೊಬ್ಬರ ಪ್ರಬಂಧದ ಕರಡನ್ನು ತಿದ್ದುವಾಗ ಎದುರಾದ ಪ್ರಶ್ನೆಯಿದು. ಅವರ ಒಂದು ಗುಂಪಿನ ಅಂಕಗಳು 2, 3, 4, 5, 24. ಇನ್ನೊಂದರವು 6, 7, 8, 9, 10. ಒಂಟಿ 24 ಮೊದಲ ಗುಂಪಿನ ಸರಾಸರಿಯನ್ನು 7.6ಕ್ಕೆ ಏರಿಸಿ, ಎರಡನೆಯ ಗುಂಪಿನ 8ರ ಹತ್ತಿರಕ್ಕೆ ತಂದುಬಿಡುವುದರಿಂದ, ಅವರು ಟಿ-ಪರೀಕ್ಷೆಯನ್ನು ಬಿಟ್ಟು ಮಾನ್-ವಿಟ್ನಿ ಪರೀಕ್ಷೆಯನ್ನು ಬಳಸಿದ್ದಾರೆ. ಅದಕ್ಕೆ ನನ್ನ ತಕರಾರಿಲ್ಲ. ಆದರೆ ಫಲಿತಾಂಶವನ್ನು ‘ಎರಡು ಗುಂಪುಗಳ ಮಧ್ಯಾಂಕಗಳಲ್ಲಿ ವ್ಯತ್ಯಾಸವಿಲ್ಲ’ ಎಂದು ಬರೆದಿದ್ದಾರೆ. ಅದೇ ಪುಟದ ಕೋಷ್ಟಕದಲ್ಲಿ ಮಧ್ಯಾಂಕಗಳು 4 ಮತ್ತು 8 ಎಂದಿದೆ!

ನಮ್ಮ ಗಣಿತದ ಮೇಷ್ಟರೊಬ್ಬರು, ‘ಸರಾಸರಿಗೆ ಟಿ, ಮಧ್ಯಾಂಕಕ್ಕೆ ಮಾನ್-ವಿಟ್ನಿ, ಅಷ್ಟೇ’ ಎಂದರು. ಎರಡೂ ಗುಂಪುಗಳ ಹರಡಿಕೆಯ ಆಕಾರ ಒಂದೇ ಆಗಿದ್ದು, ಒಂದು ಮತ್ತೊಂದಕ್ಕಿಂತ ತುಸು ಪಕ್ಕಕ್ಕೆ ಸರಿದಿದ್ದರೆ ಮಾತ್ರ ಈ ಮಾತು ನಿಲ್ಲುತ್ತದೆ. ಇಲ್ಲಿ ಆಕಾರ ಒಂದೇ ಅಲ್ಲ.

ಕೋಲಾರದ ನಿವೃತ್ತ ಸಂಖ್ಯಾಶಾಸ್ತ್ರ ಉಪನ್ಯಾಸಕಿಯೊಬ್ಬರು ಲೆಕ್ಕವನ್ನೇ ಮಾಡಿ ತೋರಿಸಿದರು. ಈ ಗುಂಪಿನ ಪ್ರತಿಯೊಬ್ಬರನ್ನೂ ಆ ಗುಂಪಿನ ಪ್ರತಿಯೊಬ್ಬರೊಂದಿಗೆ ಹೋಲಿಸಿದರೆ 25 ಜೋಡಿಗಳಾಗುತ್ತವೆ. 20ರಲ್ಲಿ ಎರಡನೆಯ ಗುಂಪು ಮುಂದು, 5ರಲ್ಲಿ ಮೊದಲನೆಯದು. ಚಿಕ್ಕದಾದ 5 ಎಂಬುದೇ U. ‘ಮೊದಲ ನಾಲ್ವರಿಗೂ 5 ಅಂಕವೇ ಬಂದಿದ್ದರೆ ಮಧ್ಯಾಂಕ 4ರಿಂದ 5ಕ್ಕೆ ಏರುತ್ತದೆ, U ಮಾತ್ರ ಕದಲುವುದಿಲ್ಲ. ಹಾಗಾದರೆ ಪರೀಕ್ಷೆ ನೋಡುತ್ತಿರುವುದು ಮಧ್ಯಾಂಕವನ್ನೇ?’ ಎಂಬುದು ಅವರ ಪ್ರಶ್ನೆ. ಐದೈದು ಜನರ ಗುಂಪುಗಳಲ್ಲಿ 5% ಮಟ್ಟದ ದ್ವಿಮುಖ ಪರೀಕ್ಷೆಗೆ U 2 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಇಲ್ಲಿ p ಬೆಲೆ 0.15, ಆದ್ದರಿಂದ ‘ವ್ಯತ್ಯಾಸವಿಲ್ಲ’ ಎನ್ನುವುದೂ ತಪ್ಪು, ‘ಇದೆಯೆಂದು ಹೇಳಲು ಈ ಅಂಕಗಳು ಸಾಲವು’ ಎನ್ನಬೇಕು ಎಂದರು.

ಚಿಕ್ಕಬಳ್ಳಾಪುರದ ಶಿಕ್ಷಕ ಮಿತ್ರರು ಇದನ್ನು ಕೇಳಿ, ತಮ್ಮ ತರಗತಿಯ ಮಕ್ಕಳ ಪಾಠಕ್ಕೆ ಮುಂಚಿನ ಮತ್ತು ನಂತರದ ಅಂಕಗಳಿಗೂ ಇದೇ ವಾಕ್ಯ ಆಗುತ್ತದೆಯೇ ಎಂದರು. ಅವು ಅವೇ ಮಕ್ಕಳ ಎರಡು ಅಳತೆಗಳು, ಬೇರೆ ಬೇರೆ ಗುಂಪುಗಳಲ್ಲ. ಅಲ್ಲಿಗೆ ವಿಲ್ಕಾಕ್ಸನ್‌ರ ಚಿಹ್ನೆ ಸಹಿತ ರ‍್ಯಾಂಕ್ ಪರೀಕ್ಷೆ ಬೇಕು. ಆ ಚರ್ಚೆ ಇಲ್ಲಿ ಬೇಡ.

ನಾನು ಸೂಚಿಸಿರುವ ವಾಕ್ಯ ಹೀಗಿದೆ: ‘25 ಜೋಡಿಗಳ ಪೈಕಿ 20ರಲ್ಲಿ ಎರಡನೆಯ ಗುಂಪಿನ ಅಂಕ ಹೆಚ್ಚಿದ್ದು, ಆ ಗುಂಪು ಹೆಚ್ಚಿನ ಅಂಕಗಳತ್ತ ವಾಲಿದಂತೆ ಕಂಡರೂ, ಇದು ಆಕಸ್ಮಿಕವಲ್ಲವೆನ್ನಲು ಸಾಕಷ್ಟು ಆಧಾರವಿಲ್ಲ (U = 5, p = 0.15).’ ಉಪನ್ಯಾಸಕಿಯವರಿಗೆ ‘ವಾಲಿದಂತೆ’ ಹಿಡಿಸಿಲ್ಲ. ‘ಹೆಚ್ಚಿರುವ ಸಂಭವ’ ಎನ್ನಿ ಎನ್ನುತ್ತಾರೆ. ಪಕ್ಕದಲ್ಲೇ p ಬೆಲೆಯಿರುವಾಗ ‘ಸಂಭವ’ ಎಂದರೆ ಓದುಗರು 0.15 ಅನ್ನೇ ಆ ಸಂಭವವೆಂದು ತಿಳಿದಾರು ಎಂಬುದು ನನ್ನ ಆತಂಕ. ತಾವು ಯಾವುದನ್ನು ಬಳಸುತ್ತೀರಿ?