ಒಂದೇ ಪಂದ್ಯದ ಕಾಂಬೋ ಬೆಟ್: 3.05 ಬರಬೇಕಾದಲ್ಲಿ 2.50 ಯಾಕೆ?

ಕಾರ್ನರ್ ಕಿಕ್ (ಪ್ರಶ್ನೆ):
ಒಂದು ಫುಟ್‌ಬಾಲ್ ಪಂದ್ಯದಲ್ಲಿ ತವರು ತಂಡ ಗೆಲ್ಲುತ್ತೆ ಅನ್ನೋದಕ್ಕೆ ಆಡ್ಸ್ 1.62 ಇತ್ತು, ಮೂರು ಅಥವಾ ಹೆಚ್ಚು ಗೋಲು ಅನ್ನೋದಕ್ಕೆ 1.88. ಗುಣಿಸಿದ್ರೆ 3.05. ಎರಡನ್ನೂ ಬೆಟ್ ಬಿಲ್ಡರ್‌ಗೆ ಹಾಕಿದ್ರೆ 2.50 ತೋರಿಸ್ತು. ಬೇರೆ ಬೇರೆ ಪಂದ್ಯ ಸೇರಿಸಿ ಅಕ್ಯುಮುಲೇಟರ್ ಮಾಡಿದ್ರೆ ನಿಯತ್ತಾಗಿ ಗುಣಿಸಿಯೇ ಕೊಡ್ತಾರೆ. ಇಲ್ಲಿ ಆ 0.55 ಎಲ್ಲಿ ಹೋಯ್ತು? ಆಡ್ಸ್ ಕಟ್ಟೋ ಕೆಲಸ ಮಾಡಿದವರು ಇದ್ರೆ ಹೇಳಿ.

ಟ್ರೇಡಿಂಗ್ ಡೆಸ್ಕ್:
ಆ 0.55ರಲ್ಲಿ ಅರ್ಧಕ್ಕೆ ಹತ್ತಿರ ನಿಮಗೆ ಸಲ್ಲಬೇಕಾದದ್ದೇ ಅಲ್ಲ. ಕಂಪನಿ ತೆಗೆದುಕೊಂಡದ್ದೂ ಇದೆ, ಆದರೆ ನೀವು ಹುಡುಕುತ್ತಿರುವ ಜಾಗದಲ್ಲಿ ಅಲ್ಲ.

ನೀವು ಕೊಟ್ಟ ಎರಡು ಆಡ್ಸ್‌ನಿಂದ ಹಿಂದಕ್ಕೆ ಲೆಕ್ಕ ಹಾಕಿದರೆ, ತವರು ತಂಡ ಸರಾಸರಿ 1.8 ಗೋಲು, ಎದುರಾಳಿ 0.9 ಗೋಲು ಹೊಡೆಯುವ ಪಂದ್ಯ ಇದು ಅನ್ನಬಹುದು. ಇಂಥದೇ ಪಂದ್ಯ ಸಾವಿರ ಸಲ ನಡೆಯಿತು ಅಂದುಕೊಳ್ಳಿ. ತವರು ತಂಡ ಸುಮಾರು 586 ಸಲ ಗೆಲ್ಲುತ್ತದೆ. ಮೂರು ಅಥವಾ ಹೆಚ್ಚು ಗೋಲು ಬರುವುದು ಸುಮಾರು 506 ಸಲ. ಎರಡಕ್ಕೂ ಸಂಬಂಧವೇ ಇಲ್ಲದಿದ್ದರೆ ಎರಡೂ ಒಟ್ಟಿಗೆ ಆಗುವುದು 297 ಸಲ. ಗುಣಿಸುವುದು ಅಂದರೆ ಇದೇ.

ಈಗ ಸ್ಕೋರುಗಳನ್ನೇ ನೋಡಿ. ತವರು ತಂಡ ಗೆದ್ದೂ ಮೂರು ಗೋಲು ಆಗದೆ ಉಳಿಯುವ ಸ್ಕೋರು ಎರಡೇ ಎರಡು: 1-0 ಮತ್ತು 2-0. ಸಾವಿರದಲ್ಲಿ ಮೊದಲನೆಯದು ಸುಮಾರು 121 ಸಲ, ಎರಡನೆಯದು 109 ಸಲ. 586ರಿಂದ ಇವನ್ನು ಕಳೆಯಿರಿ, 356 ಉಳಿಯುತ್ತದೆ. 297 ಅಲ್ಲ, 356. ಗೆಲುವು ಗೋಲುಗಳನ್ನು ಹೊತ್ತುಕೊಂಡೇ ಬರುತ್ತದೆ, ಹಾಗಾಗಿ ಮೊದಲ ಲೆಗ್ ಬಂತು ಅಂದರೆ ಎರಡನೆಯದು ಅರ್ಧ ಬಂದ ಹಾಗೆ. ಹೆಚ್ಚು ಸಲ ಆಗುವ ಘಟನೆಗೆ ಆಡ್ಸ್ ಕಡಿಮೆ ಇರಲೇಬೇಕು. ಮಾರ್ಜಿನ್ನೇ ಇಲ್ಲದ ನ್ಯಾಯವಾದ ಆಡ್ಸ್ ಇಲ್ಲಿ 2.81.

ಕಂಪನಿ 3.05 ಕೊಟ್ಟಿದ್ದರೆ, ಸಾವಿರ ಸಲ ಒಂದೊಂದು ರೂಪಾಯಿ ಹಾಕಿದವರಿಗೆ 1,086 ವಾಪಸ್ ಬರುತ್ತಿತ್ತು. ಅದು ದಾನ. ಇದೇ ಕಾರಣಕ್ಕೆ ಹಿಂದೆಲ್ಲ ಒಂದೇ ಪಂದ್ಯದ ಸಂಬಂಧಪಟ್ಟ ಲೆಗ್‌ಗಳನ್ನು ಸೇರಿಸಲು ಬಿಡುತ್ತಲೇ ಇರಲಿಲ್ಲ. ಈಗ ಪಂದ್ಯವನ್ನು ಕಂಪ್ಯೂಟರಿನಲ್ಲಿ ಸಾವಿರಾರು ಸಲ ಆಡಿಸಿ, ಎಲ್ಲ ಲೆಗ್ ಒಟ್ಟಿಗೆ ಎಷ್ಟು ಸಲ ಬಂತು ಅಂತ ಎಣಿಸಿ ಆಡ್ಸ್ ಕಟ್ಟಬಹುದು, ಹಾಗಾಗಿ ಬಿಡುತ್ತಾರೆ.

2.50ಕ್ಕೆ ನಿಮಗೆ ಬರುವುದು 890. ಅಂದರೆ ಮಾರ್ಜಿನ್ ನೂರಕ್ಕೆ 11. ಇಷ್ಟೇ ಆಡ್ಸ್ ಇರುವ ಎರಡು ಬೇರೆ ಪಂದ್ಯಗಳ ಅಕ್ಯುಮುಲೇಟರ್ ಹಾಕಿದ್ದರೂ, ಪ್ರತಿ ಲೆಗ್‌ನಲ್ಲಿ ನೂರಕ್ಕೆ ಐದರಂತೆ ಕತ್ತರಿ ಬಿದ್ದು 903ರ ಹತ್ತಿರ ಬರುತ್ತಿತ್ತು. ಎರಡು ಲೆಗ್ ಇರುವಾಗ ವ್ಯತ್ಯಾಸ ಅಷ್ಟೇ.

ಕಾರ್ನರ್ ಕಿಕ್:
ಅಂದ್ರೆ ಮೋಸ ಆಗಿದ್ದು 0.55 ಅಲ್ಲ, 2.81ರಿಂದ 2.50ರವರೆಗಿನ 0.31. ಸರಿ. ಆದ್ರೆ 1.8, 0.9 ಅಂತ ನೀವೇ ಹಿಡ್ಕೊಂಡ್ರಲ್ಲ, ಅದು ತಪ್ಪಿದ್ರೆ?

ಟ್ರೇಡಿಂಗ್ ಡೆಸ್ಕ್:
ಮೋಸ ಅನ್ನಬೇಡಿ, ಅಂಗಡಿಯ ಲಾಭ. ಬೇಡವೆಂದರೆ ಕೊಳ್ಳದೆ ಬರಬಹುದು. ಆ ಎರಡು ಸಂಖ್ಯೆ ನಾನು ಸುಮ್ಮನೆ ಹಿಡಿದದ್ದಲ್ಲ. ಗೆಲುವಿನ ಆಡ್ಸ್, ಗೋಲುಗಳ ಆಡ್ಸ್ ಎರಡಕ್ಕೂ ಒಟ್ಟಿಗೆ ಹೊಂದುವ ಜೋಡಿ ಅದು. ಆದರೆ ಸರಳ ಲೆಕ್ಕದಲ್ಲಿ ಒಂದು ಕುಂದು ಇದೆ: ಎರಡು ತಂಡಗಳ ಗೋಲು ಒಂದಕ್ಕೊಂದು ಸಂಬಂಧವಿಲ್ಲದೆ ಬೀಳುತ್ತವೆ ಅಂತ ಅದು ನಂಬುತ್ತದೆ. ನಿಜದಲ್ಲಿ 0-0, 1-1 ತುಸು ಹೆಚ್ಚು, 1-0 ತುಸು ಕಡಿಮೆ. ಸಂಖ್ಯಾಶಾಸ್ತ್ರಜ್ಞರಾದ ಡಿಕ್ಸನ್ ಮತ್ತು ಕೋಲ್ಸ್ 1997ರಲ್ಲಿ ಇದಕ್ಕೆ ತಿದ್ದುಪಡಿ ಸೂಚಿಸಿದ್ದರು. ಹಾಗಾಗಿ ನನ್ನ 2.81ರ ಕೊನೆಯ ಅಂಕಿಗೆ ಜೋತು ಬೀಳಬೇಡಿ.

ನೇರ ಮಾತು:
ಇಷ್ಟೆಲ್ಲ ಯಾಕೆ ಸ್ವಾಮಿ. ನಿಯಮ ಸುಲಭ. ಗುಣಿಸಿದ್ದಕ್ಕಿಂತ ಕಡಿಮೆ ತೋರಿಸಿದ್ರೆ ಬಿಡಿ, ಜಾಸ್ತಿ ತೋರಿಸಿದ್ರೆ ಅದೇ ವ್ಯಾಲ್ಯೂ. ಇದೇ ಪಂದ್ಯದಲ್ಲಿ ತವರು ತಂಡ ಗೆಲುವು ಜೊತೆಗೆ ಎರಡು ಅಥವಾ ಕಡಿಮೆ ಗೋಲು ಹಾಕಿ ನೋಡಿ. ಗೆಲುವು 1.62, ಕಡಿಮೆ ಗೋಲು 1.93, ಗುಣಿಸಿದ್ರೆ 3.13. ಬಿಲ್ಡರ್ ಕೊಡ್ತಿರೋದು 3.60! ನಾನು ಇಂಥವನ್ನೇ ಹುಡುಕಿ ಹಾಕೋದು.

ಟ್ರೇಡಿಂಗ್ ಡೆಸ್ಕ್:
ಸಂಬಂಧ ಎರಡೂ ದಿಕ್ಕಿಗೆ ಇರಬಹುದು ಅನ್ನುವುದನ್ನು ಸರಿಯಾಗಿ ಹಿಡಿದಿದ್ದೀರಿ. ಆದರೆ ಗುಣಲಬ್ಧವನ್ನು ಅಳತೆಗೋಲು ಮಾಡಿಕೊಂಡಲ್ಲಿ ಎಡವಿದ್ದೀರಿ. ಗೆದ್ದೂ ಮೂರು ಗೋಲು ಮುಟ್ಟದ ಸ್ಕೋರು ಎರಡೇ ಅಂದೆನಲ್ಲ, 121ಕ್ಕೆ 109 ಸೇರಿಸಿದರೆ 230. ಸಾವಿರದಲ್ಲಿ 230 ಸಲ ಬರುವುದಕ್ಕೆ ನ್ಯಾಯವಾದ ಆಡ್ಸ್ 4.35. ನಿಮಗೆ ಸಿಕ್ಕಿದ್ದು 3.60, ಸಾವಿರಕ್ಕೆ 828 ವಾಪಸ್. ಮಾರ್ಜಿನ್ ನೂರಕ್ಕೆ 17.

ಪ್ರಶ್ನೆ ಕೇಳಿದವರು ಬೈಯುತ್ತಿದ್ದ 2.50 ನಿಮ್ಮ 3.60ಕ್ಕಿಂತ ಎಷ್ಟೋ ವಾಸಿ. ಗುಣಲಬ್ಧಕ್ಕಿಂತ ಸ್ವಲ್ಪ ಮೇಲೆ ಇಟ್ಟರೆ ಗಿರಾಕಿ ಖುಷಿಯಾಗುತ್ತಾನೆ, ಅದರ ಮೇಲೆ ಇನ್ನೆಷ್ಟು ಕೊಡಬೇಕಿತ್ತು ಅಂತ ಕೇಳುವುದಿಲ್ಲ.

ನೇರ ಮಾತು:
ಲೆಕ್ಕದಲ್ಲಿ ಸರಿ ಇರಬಹುದು, ಹೋದ ಸೀಸನ್‌ನಲ್ಲಿ ನನಗೆ ಲಾಭವೇ ಬಂದಿದೆ.

ಟ್ರೇಡಿಂಗ್ ಡೆಸ್ಕ್:
ಬಂದಿರಬಹುದು. ನಾಲ್ಕಕ್ಕೆ ಒಂದು ಬರುವ ಬೆಟ್‌ನಲ್ಲಿ ಒಂದು ಸೀಸನ್ ತುಂಬಾ ಚಿಕ್ಕದು.

ಲೆಕ್ಕದ ಮೇಷ್ಟ್ರು:
ಮಾಡೆಲ್ ಕಟ್ಟಲು ಬಾರದವರೂ ಮಾಡಬಹುದಾದ ಒಂದು ಪರೀಕ್ಷೆ ಹೇಳುತ್ತೇನೆ, ಮೇಡಂ ಸರಿಯೋ ತಪ್ಪೋ ಹೇಳಲಿ. ತವರು ತಂಡ ಗೆದ್ದರೆ ಗೋಲು ಒಂದೋ ಮೂರು ಅಥವಾ ಹೆಚ್ಚು, ಇಲ್ಲವೇ ಎರಡು ಅಥವಾ ಕಡಿಮೆ. ಮೂರನೆಯ ದಾರಿ ಇಲ್ಲ. ಹಾಗಾಗಿ ಆ ಎರಡು ಕಾಂಬೋಗಳನ್ನೂ ಕೊಂಡರೆ ಬರಿಯ ಗೆಲುವಿನ ಬೆಟ್ ಕೊಂಡ ಹಾಗೇ ಆಯಿತು.

ಯಾವುದು ಬಂದರೂ ಕೈಗೆ 100 ಬರಬೇಕು ಅಂದರೆ 2.50ರ ಮೇಲೆ 40, 3.60ರ ಮೇಲೆ 27.80 ಹಾಕಬೇಕು. ಒಟ್ಟು 67.80. ಅದೇ 100ಕ್ಕೆ ನೇರವಾಗಿ ಗೆಲುವಿನ ಮೇಲೆ ಹಾಕಿದ್ದರೆ 1.62ರಲ್ಲಿ 61.70 ಸಾಕಿತ್ತು. ಸರಕು ಅದೇ, ತುಂಡು ಮಾಡಿ ಮಾರಿದ್ದಕ್ಕೆ ಆರು ರೂಪಾಯಿ ಹೆಚ್ಚು.

ಟ್ರೇಡಿಂಗ್ ಡೆಸ್ಕ್:
ಸರಿಯಾಗಿದೆ ಮೇಷ್ಟ್ರೇ, ನಾನು ಹೇಳಬೇಕೆಂದಿದ್ದೂ ಇದನ್ನೇ. ಒಂದು ಮಿತಿ ಸೇರಿಸಿಕೊಳ್ಳಿ: ಇದರಿಂದ ಎರಡೂ ತುಂಡು ಸೇರಿ ಎಷ್ಟು ಹೆಚ್ಚು ತೆತ್ತಿರಿ ಅಂತ ತಿಳಿಯುತ್ತದೆ, ಯಾವ ತುಂಡಿನಲ್ಲಿ ಹೆಚ್ಚು ಅಂತ ತಿಳಿಯುವುದಿಲ್ಲ. ಮೊತ್ತ ಸಿಂಗಲ್‌ನ ಹತ್ತಿರ ಬಂದಾಗಲೂ ಒಂದು ತುಂಡು ಚೆನ್ನಾಗಿದ್ದು ಇನ್ನೊಂದು ಕೆಟ್ಟದಾಗಿರಬಹುದು. ಅದನ್ನು ಹೇಳಲು ಸ್ಕೋರುಗಳ ಲೆಕ್ಕವೇ ಬೇಕು. ವ್ಯಾಲ್ಯೂ ಎಂದಾದರೂ ಇದ್ದರೆ ಅಲ್ಲಿಯೇ: ಕಂಪನಿಯ ಮಾಡೆಲ್ ಎರಡು ಲೆಗ್‌ಗಳ ನಂಟನ್ನು ತಪ್ಪಾಗಿ ತೂಗಿ, ಆ ತಪ್ಪು ಮಾರ್ಜಿನ್‌ಗಿಂತ ದೊಡ್ಡದಾಗಿದ್ದಾಗ. ನಂಟು ಇದ್ದ ಮಾತ್ರಕ್ಕೆ ವ್ಯಾಲ್ಯೂ ಅಲ್ಲ, ಅದನ್ನು ಆಗಲೇ ಆಡ್ಸ್‌ನಲ್ಲಿ ಕಳೆದಿರುತ್ತಾರೆ.

ಬೆಂಚ್ ಆಟಗಾರ:
ನಾನು ಇದೇ ಥರದ್ದಕ್ಕೆ ಸ್ಟ್ರೈಕರ್ ಗೋಲು ಹೊಡೀತಾನೆ ಅನ್ನೋದನ್ನೂ ಸೇರಿಸ್ತೀನಿ. ಸ್ಟ್ರೈಕರ್ ಒಬ್ಬನಿಗೇ ಹಾಕಿದ್ರೆ 2.00 ಸಿಗುತ್ತೆ. ಆದ್ರೆ ಕಾಂಬೋಗೆ ಸೇರಿಸಿದ ಕೂಡಲೇ 2.50 ಇದ್ದದ್ದು 5.00 ಆಗ್ಬೇಕಲ್ವಾ, ಬರೀ 3.30 ಆಗುತ್ತೆ.

ಟ್ರೇಡಿಂಗ್ ಡೆಸ್ಕ್:
3.30ನ್ನು 2.50ರಿಂದ ಭಾಗಿಸಿ, 1.32 ಬರುತ್ತದೆ. ಸ್ಟ್ರೈಕರ್ ಗೋಲಿಗೆ ಆ ಕಾಂಬೋ ಒಳಗೆ ನಿಮಗೆ ಸಿಕ್ಕ ಬೆಲೆ ಅದು. ಹೊಸ ಲೆಗ್ ಸೇರಿಸುವಾಗಲೆಲ್ಲ ಹೀಗೆ ಮೊದಲಿನ ಮತ್ತು ಆಮೇಲಿನ ಆಡ್ಸ್ ಭಾಗಿಸಿ ನೋಡುವುದು ಒಳ್ಳೆಯದು.

ಈಗ 1.32 ಸರಿಯೇ? ತವರು ತಂಡದ ಗೋಲುಗಳಲ್ಲಿ ನೂರಕ್ಕೆ 35 ಅವನವು ಅಂದುಕೊಂಡರೆ, ಯಾವುದೇ ಪಂದ್ಯದಲ್ಲಿ ಅವನು ಗೋಲು ಹೊಡೆಯುವ ಸಾಧ್ಯತೆ ನೂರಕ್ಕೆ 47. ಆದರೆ ನೀವು ಎಣಿಸುವುದು ಎಲ್ಲ ಪಂದ್ಯಗಳನ್ನಲ್ಲ, ತಂಡ ಗೆದ್ದು ಒಟ್ಟು ಮೂರು ಅಥವಾ ಹೆಚ್ಚು ಗೋಲು ಬಂದ 356 ಪಂದ್ಯಗಳನ್ನು ಮಾತ್ರ. ಅವುಗಳಲ್ಲಿ ತವರು ತಂಡ ಕನಿಷ್ಠ ಎರಡು ಗೋಲು ಹೊಡೆದೇ ಇರುತ್ತದೆ, ಹಲವು ಸಲ ಮೂರೋ ನಾಲ್ಕೋ. ಅಲ್ಲಿ ಅವನ ಹೆಸರು ಸ್ಕೋರ್ ಪಟ್ಟಿಯಲ್ಲಿ ಬರುವ ಸಾಧ್ಯತೆ ನೂರಕ್ಕೆ 72. ನ್ಯಾಯವಾದ ಬೆಲೆ 1.39ರ ಆಸುಪಾಸು. ಮೂರೂ ಸೇರಿದರೆ 3.89. ನಿಮ್ಮ 3.30ರಲ್ಲಿ ಮಾರ್ಜಿನ್ ನೂರಕ್ಕೆ 15 ಆಯಿತು. ಎರಡು ಲೆಗ್‌ನಲ್ಲಿ 11 ಇದ್ದದ್ದು ಮೂರಕ್ಕೆ 15. ಅಕ್ಯುಮುಲೇಟರ್‌ನಲ್ಲೂ ಲೆಗ್ ಹೆಚ್ಚಿದಂತೆ ಮಾರ್ಜಿನ್ ಏರುತ್ತದೆ ನಿಜ, ಆದರೆ ಅಲ್ಲಿ ಪ್ರತಿ ಲೆಗ್‌ನ ಬೆಲೆ ಕಣ್ಣೆದುರಿಗೆ ಇರುತ್ತದೆ, ಬೇರೆ ಕಡೆ ಹೋಲಿಸಿ ನೋಡಬಹುದು. ಬಿಲ್ಡರ್‌ನಲ್ಲಿ ನಿಮಗೆ ಕಾಣುವುದು ಕೊನೆಯ ಸಂಖ್ಯೆ ಒಂದೇ.

ಕೊನೇ ಲೆಗ್:
ನಂದೂ ಇದೇ ಕಥೆ. ಐದು ಪಂದ್ಯದ ಅಕ್ಯುಮುಲೇಟರ್, ನಾಲ್ಕು ಬಂದು ಐದನೇದು ಕೊನೇ ನಿಮಿಷದಲ್ಲಿ ಡ್ರಾ. ಇದಕ್ಕೂ ಏನಾದ್ರೂ ಲೆಕ್ಕ ಇದೆಯಾ?

ಲೆಕ್ಕದ ಮೇಷ್ಟ್ರು:
ಅದು ಬೇರೆ ವಿಷಯ ಮಾರಾಯ್ರೇ. ನಿಮ್ಮ ಐದು ಪಂದ್ಯಗಳಿಗೆ ಒಂದಕ್ಕೊಂದು ನಂಟಿಲ್ಲ, ಇಲ್ಲಿರುವ ಪ್ರಶ್ನೆಯೇ ನಂಟಿನದ್ದು.

ಟ್ರೇಡಿಂಗ್ ಡೆಸ್ಕ್:
ಬೇರೆ ಪಂದ್ಯಗಳಲ್ಲೂ ನಂಟು ಇರಬಹುದು ಮೇಷ್ಟ್ರೇ. ಒಂದು ತಂಡ ಈ ವಾರ ಗೆಲ್ಲುತ್ತೆ, ಅದೇ ತಂಡ ಲೀಗ್ ಕೂಡ ಗೆಲ್ಲುತ್ತೆ ಅಂತ ಸೇರಿಸಿ ನೋಡಿ, ಸಾಮಾನ್ಯವಾಗಿ ಸೇರಿಸಲು ಬಿಡುವುದಿಲ್ಲ. ಆದರೆ ಕೊನೇ ಲೆಗ್ ಅವರ ಡ್ರಾಗೆ ನನ್ನ ಹತ್ತಿರ ಮದ್ದಿಲ್ಲ.

ಬೆಂಚ್ ಆಟಗಾರ:
ಇನ್ನೊಂದು. ಸ್ಟ್ರೈಕರ್ ಪಂದ್ಯದಲ್ಲಿ ಆಡದೇ ಇದ್ರೆ?

ಟ್ರೇಡಿಂಗ್ ಡೆಸ್ಕ್:
ನಿಯಮ ಓದಿಯೇ ಹಾಕಬೇಕಾದ ಜಾಗ ಇದು. ಅಕ್ಯುಮುಲೇಟರ್‌ನಲ್ಲಿ ರದ್ದಾದ ಲೆಗ್‌ಗೆ ಸಾಮಾನ್ಯವಾಗಿ 1.00 ಅಂತ ಹಿಡಿದು ಉಳಿದದ್ದನ್ನು ಗುಣಿಸುತ್ತಾರೆ. ಒಂದೇ ಪಂದ್ಯದ ಕಾಂಬೋದಲ್ಲಿ ಹಾಗೆ ಕಿತ್ತು ತೆಗೆಯಲು ಆಗುವುದಿಲ್ಲ, ಲೆಗ್‌ಗಳ ಬೆಲೆ ಒಂದಕ್ಕೊಂದು ಹೆಣೆದುಕೊಂಡಿರುತ್ತದೆ. ಕೆಲವರು ಇಡೀ ಬೆಟ್ ರದ್ದು ಮಾಡಿ ಹಣ ವಾಪಸ್ ಕೊಡುತ್ತಾರೆ, ಕೆಲವರು ಉಳಿದ ಲೆಗ್‌ಗಳಿಗೆ ಹೊಸದಾಗಿ ಆಡ್ಸ್ ಕಟ್ಟುತ್ತಾರೆ.

ಎಡಗೈ ಓಪನರ್:
ಕ್ರಿಕೆಟ್‌ನಲ್ಲಿ ಇದು ಹೇಗೆ ಮೇಡಂ? ಓಪನರ್ ಐವತ್ತು ಹೊಡೀತಾನೆ ಮತ್ತು ತಂಡ ಗೆಲ್ಲುತ್ತೆ. ಎರಡೂ ಒಟ್ಟಿಗೇ ಹೋಗ್ತವೆ ಅಲ್ವಾ?

ಟ್ರೇಡಿಂಗ್ ಡೆಸ್ಕ್:
ಮೊದಲು ಬ್ಯಾಟ್ ಮಾಡಿದರೆ ಹೌದು. ಚೇಸ್ ಆದರೆ ಎರಡೂ ಎಳೆದಾಡುತ್ತವೆ. ಗುರಿ 110 ಇದ್ದರೆ ಗೆಲುವು ಸುಲಭ, ಆದರೆ ಅವನಿಗೆ ಐವತ್ತು ಹೊಡೆಯಲು ರನ್ನುಗಳೇ ಸಾಲದೆ ಹೋಗಬಹುದು. ಗುರಿ 200 ಇದ್ದರೆ ಐವತ್ತಕ್ಕೆ ಜಾಗ ಇದೆ, ಗೆಲುವು ಕಷ್ಟ. ಟಾಸ್‌ಗೆ ಮುಂಚೆ ಕೊಟ್ಟ ಆಡ್ಸ್‌ನಲ್ಲಿ ಎರಡೂ ಕಥೆ ಬೆರೆತಿರುತ್ತವೆ.

ಎಡಗೈ ಓಪನರ್:
ಹಾಗಾದ್ರೆ ಟಾಸ್ ಆದ ಮೇಲೆ ಕಾಂಬೋ ಆಡ್ಸ್ ಬದಲಾಗ್ದೇ ಇದ್ರೆ ಅಲ್ಲೇನಾದ್ರೂ ಸಿಗುತ್ತಾ?

ಲೆಕ್ಕದ ಮೇಷ್ಟ್ರು:
ನನಗೆ ಅನುಮಾನ. ಟಾಸ್‌ನಿಂದ ಆಗುವ ಬದಲಾವಣೆ ಮಾರ್ಜಿನ್‌ಗಿಂತ ದೊಡ್ಡದು ಅಂತ ಮೊದಲು ತೋರಿಸಬೇಕು.

ಟ್ರೇಡಿಂಗ್ ಡೆಸ್ಕ್:
ನನಗೆ ಅಷ್ಟು ಅನುಮಾನ ಇಲ್ಲ ಮೇಷ್ಟ್ರೇ. ಓಪನರ್ ಅವರೇ, ಟಾಸ್‌ಗೆ ಮುಂಚೆ ಒಂದು ಸಲ, ಆದ ಮೇಲೆ ಒಂದು ಸಲ ಮೂರು ಆಡ್ಸ್ ಬರೆದಿಡಿ: ಗೆಲುವು, ಐವತ್ತು, ಎರಡೂ ಸೇರಿದ್ದು. ಸಿಂಗಲ್‌ಗಳು ಅಲುಗಾಡಿ ಕಾಂಬೋ ಮಾತ್ರ ನಿಂತಲ್ಲೇ ನಿಂತಿದ್ದರೆ ಇಲ್ಲಿ ಹಾಕಿ, ನೋಡೋಣ.