ಪದಚರ್ಚೆ: ರಕ್ತಹೀನತೆ ಲೆಕ್ಕದ ‘ಟ್ರಾನ್ಸ್‌ಫಾರ್ಮೇಶನ್’ಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ಮಕ್ಕಳ ರಕ್ತಹೀನತೆ ಬಗ್ಗೆ ಬೇರೆ ಬೇರೆ ಕಡೆ ನಡೆದ ಅಧ್ಯಯನಗಳನ್ನು ಒಟ್ಟುಗೂಡಿಸಿದ ಮೆಟಾ-ಅನಾಲಿಸಿಸ್ ಒಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಶೇಕಡಾವಾರುಗಳನ್ನು ಮೊದಲು ‘ಟ್ರಾನ್ಸ್‌ಫಾರ್ಮ್’ ಮಾಡಿ ಆಮೇಲೆ ಸರಾಸರಿ ತೆಗೆದಿದ್ದಾರೆ. ‘ಅಂಕಿಅಂಶ ಮಾರ್ಪಡಿಸಿ’ ಎಂದು ಬರೆದೆ. ಓದಿದ ಗೆಳತಿ “ಅಂಕಿಅಂಶ ತಿದ್ದಿದ್ರಾ?” ಅಂದಳು! ‘ಪ್ರಿವಲೆನ್ಸ್’ಗೆ ‘ಹರಡುವಿಕೆ’ ಅನ್ನಲೂ ಮನಸ್ಸಿಲ್ಲ, ಇದೇನು ಅಂಟುಜಾಡ್ಯವೇ? ಅಧ್ಯಯನದಿಂದ ಅಧ್ಯಯನಕ್ಕೆ ಫಲಿತಾಂಶ ಬೇರೆಯಾಗುವ ‘ಹೆಟರೊಜೆನಿಟಿ’ಗೂ ಪದ ಬೇಕು.

ಉತ್ತರ 1

‘ರೂಪಾಂತರ’ ಇದೆಯಲ್ಲ. ಹೆಟರೊಜೆನಿಟಿಗೆ ‘ಭಿನ್ನತೆ’ ಸಾಕು. ಅಂದಹಾಗೆ ಆ ಭಿನ್ನತೆಯನ್ನು ಅಳೆಯುವ I² ಶೇ 90 ದಾಟಿದರೆ ಅಂಥ ಅಧ್ಯಯನಗಳನ್ನು ಕೂಡಿಸಲೇಬಾರದು.

ಉತ್ತರ 2

ಮೊದಲು ಅಲ್ಲಿ ಏನು ನಡೆಯುತ್ತದೆ ನೋಡೋಣ. ಎರಡು ಅಧ್ಯಯನ, ಎರಡರಲ್ಲೂ 200 ಮಕ್ಕಳು. ಒಂದರಲ್ಲಿ 100 ಮಕ್ಕಳಿಗೆ ರಕ್ತಹೀನತೆ, ಇನ್ನೊಂದರಲ್ಲಿ 190. ರಕ್ತಹೀನತೆ ಇರುವ ಮಕ್ಕಳ ಪಾಲು p, ಒಟ್ಟು ಮಕ್ಕಳು n ಅನ್ನೋಣ. ಶೇಕಡಾವಾರನ್ನು ಹಾಗೇ ಇಟ್ಟುಕೊಂಡು ಅದರ ಏರುಪೇರಿಗೆ p(1-p)/n ಹಾಕಿ, ಏರುಪೇರು ಕಡಿಮೆ ಇದ್ದದ್ದಕ್ಕೆ ಹೆಚ್ಚು ತೂಕ ಕೊಟ್ಟರೆ ಎರಡನೆಯದಕ್ಕೆ ಐದು ಪಟ್ಟು ಜಾಸ್ತಿ ತೂಕ ಸಿಗುತ್ತದೆ. ಮಕ್ಕಳ ಸಂಖ್ಯೆ ಅಷ್ಟೇ ಇದ್ದರೂ! ಇರುವವರ ಮತ್ತು ಇಲ್ಲದವರ ಅನುಪಾತಕ್ಕೆ ಲಾಗ್ ತೆಗೆಯುವ ಲಾಜಿಟ್‌ಗೆ ಹೋದರೆ ಉಲ್ಟಾ, ಮೊದಲನೆಯದಕ್ಕೆ ಐದು ಪಟ್ಟು. ಪಾಲಿನ ವರ್ಗಮೂಲಕ್ಕೆ ಆರ್ಕ್‌ಸೈನ್ ತೆಗೆದರೆ ಎರಡಕ್ಕೂ ಸಮ.

ಆದರೆ ಕೊನೆಗೆ ಶೇಕಡಾವಾರಿಗೆ ಮರಳಬೇಕಲ್ಲ? ಆರ್ಕ್‌ಸೈನ್‌ನದೇ ಒಂದು ಬಗೆಯಾದ ಫ್ರೀಮನ್-ಟ್ಯೂಕಿ ವಿಧಾನದಲ್ಲಿ ಮರಳುವಾಗ ಎಲ್ಲಕ್ಕೂ ಸೇರಿ ಒಂದೇ n ಕೊಡಬೇಕು. ಒಂದರಲ್ಲಿ 60 ಮಕ್ಕಳು, ಇನ್ನೊಂದರಲ್ಲಿ 60,000 ಇದ್ದರೆ ಯಾವ n? ಅಲ್ಲೇ ಉತ್ತರ ದಾರಿ ತಪ್ಪಬಹುದು. ನಾನು ಲಾಜಿಟ್ ಇಟ್ಟುಕೊಂಡು, ಅಧ್ಯಯನಗಳ ನಡುವಿನ ವ್ಯತ್ಯಾಸವನ್ನೂ ಲೆಕ್ಕಕ್ಕೆ ತರುವ ಮಿಶ್ರ ಮಾದರಿ ಹಾಕುತ್ತೇನೆ.

ಇಲ್ಲಿ ಬದಲಾಗುವುದು ಅಳತೆಪಟ್ಟಿ. ಎಣಿಕೆ ಹಾಗೇ ಇರುತ್ತದೆ. ‘ಅಳತೆಪಟ್ಟಿ ಬದಲಿಸಿ’ ಅಂತ ಬರೆಯಿರಿ, ಗೆಳತಿಗೆ ಅನುಮಾನ ಬರಲ್ಲ.

I² ಬಗ್ಗೆ ಒಂದು ಮಾತು. ಶೇ 90 ದಾಟಿದ ಮಾತ್ರಕ್ಕೆ ಕೂಡಿಸಲೇಬಾರದು ಅಂತೇನಿಲ್ಲ. ಅಧ್ಯಯನಗಳು ದೊಡ್ಡದಾದಷ್ಟೂ ಅದು ತಾನೇ ಏರುತ್ತದೆ. ಮುಂದಿನ ಅಧ್ಯಯನ ಎಲ್ಲಿಂದ ಎಲ್ಲಿಯವರೆಗೆ ಬೀಳಬಹುದು ಅನ್ನುವ ವ್ಯಾಪ್ತಿ ನೋಡಿ. ಅದು ಶೇ 25ರಿಂದ 85 ಅಂತ ಬಂದರೆ, ಸರಾಸರಿ ಒಂದನ್ನೇ ತಲೆಬರಹ ಮಾಡಬೇಡಿ.

ಉತ್ತರ 3

ನಮ್ಮ ಮಗಳಿಗೆ ಶಾಲೆಯಲ್ಲಿ ಬೆರಳು ಚುಚ್ಚಿ ನೋಡಿದಾಗ ಹಿಮೋಗ್ಲೋಬಿನ್ 10.6, ಲ್ಯಾಬಿನಲ್ಲಿ 11.9. ಯಾವುದನ್ನು ನಂಬಬೇಕು? ಇದಕ್ಕೂ ಟ್ರಾನ್ಸ್‌ಫಾರ್ಮೇಶನ್ ಬೇಕಾ?

ಉತ್ತರ 2 ಬರೆದವರು

ಮೇಡಂ, ಅದು ಬೇರೆ ವಿಷಯ, ಆದರೆ ಇಲ್ಲಿಗೇ ಬಂದು ಸೇರುತ್ತದೆ. ಬೆರಳು ಹಿಂಡಿದರೆ ರಕ್ತದ ಜೊತೆ ದೇಹದ ನೀರೂ ಬೆರೆತು ಅಂಕಿ ತಗ್ಗಬಹುದು. ಲ್ಯಾಬಿನದ್ದು ತೋಳಿನ ರಕ್ತವಾದರೆ ಅದನ್ನೇ ಡಾಕ್ಟರಿಗೆ ತೋರಿಸಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ, ಅಂದರೆ ಎನ್‌ಎಫ್‌ಎಚ್‌ಎಸ್, ಬೆರಳ ರಕ್ತ ನೋಡಿತ್ತು: 6–59 ತಿಂಗಳ ಮಕ್ಕಳಲ್ಲಿ ಶೇ 67.1 ಮಂದಿಗೆ ರಕ್ತಹೀನತೆ. 2016–18ರ ಮಕ್ಕಳ ಪೋಷಣೆಯ ರಾಷ್ಟ್ರೀಯ ಸಮೀಕ್ಷೆ ಸಿಎನ್‌ಎನ್‌ಎಸ್ ತೋಳಿನ ರಕ್ತ ನೋಡಿತ್ತು: 1–4 ವರ್ಷದವರಲ್ಲಿ ಶೇ 41. ವಯಸ್ಸೂ ಕಾಲವೂ ಬೇರೆ, ನಿಜ. ಹಾಗಾಗಿ ಅಂತರವೆಲ್ಲ ರಕ್ತ ತೆಗೆದ ರೀತಿಯದ್ದೇ ಅನ್ನಲಾಗದು.

ಅದೇ ಎನ್‌ಎಫ್‌ಎಚ್‌ಎಸ್‌ನಲ್ಲಿ ಕೇರಳದ ಮಕ್ಕಳು ಶೇ 39.4, ಗುಜರಾತಿನವರು ಶೇ 79.7. ಇಲ್ಲಿ ವಿಧಾನ ಒಂದೇ, ಹಾಗಾಗಿ ಪ್ರದೇಶದ ಮಾತಾಡಬಹುದು. ಆದರೆ ಮೆಟಾ-ಅನಾಲಿಸಿಸ್‌ನಲ್ಲಿ ಉತ್ತರ ಭಾರತದ ಅಧ್ಯಯನಗಳೆಲ್ಲ ಬೆರಳಿನವು, ದಕ್ಷಿಣದವೆಲ್ಲ ತೋಳಿನವು ಆಗಿದ್ದರೆ? ವ್ಯತ್ಯಾಸಕ್ಕೆ ಕಾರಣ ಹುಡುಕುವ ಮೆಟಾ-ರಿಗ್ರೆಶನ್‌ಗೂ ಪ್ರದೇಶ, ವಿಧಾನ ಎರಡನ್ನು ಬಿಡಿಸಲು ಬರಲ್ಲ.

ಪ್ರಶ್ನೆ ಕೇಳಿದವರು

‘ಅಳತೆಪಟ್ಟಿ ಬದಲಿಸಿ’ ಹಿಡಿಸಿತು. ‘ಪ್ರಿವಲೆನ್ಸ್’ಗೆ ‘ಎಷ್ಟು ಮಂದಿಗಿದೆ’ ಅಂತಲೇ ಬರೆಯುತ್ತೇನೆ. ‘ಭಿನ್ನತೆ’ ಮಾತ್ರ ಒಪ್ಪಿಗೆಯಿಲ್ಲ. ಲೆಕ್ಕದ ಏರುಪೇರಿಗೂ ಊರೂರಿನ ನಿಜವಾದ ವ್ಯತ್ಯಾಸಕ್ಕೂ ಅದೇ ಪದ ಬಂದರೆ ಓದುಗರಿಗೆ ಗೊಂದಲ. ಬೇರೆ ಪದ ಹೊಳೆದವರು ಬರೆಯಿರಿ.